ವೇಬ್ರಿಡ್ಜ್ ಚೀಟಿಯಿಂದ ದಿನದ ವರದಿ: ಭತ್ತ ಎಷ್ಟು ಬಂತು, ಅಕ್ಕಿ ಎಷ್ಟಾಯ್ತು, ಉಳಿದದ್ದು ಎಲ್ಲಿ ಹೋಯ್ತು

ಸಣ್ಣ ಅಕ್ಕಿ ಮಿಲ್ಲಿನ ದಿನದ ವರದಿ ಕೈಗೆ ಸಿಕ್ಕರೆ ಮೊದಲು ಹೊಟ್ಟಿನ ಸಾಲನ್ನು ನೋಡಬೇಕು. ಭತ್ತದ ತೂಕ ಚೀಟಿಯಲ್ಲಿರುತ್ತದೆ. ಅಕ್ಕಿ ಚೀಲ ಎಣಿಸಿರುತ್ತಾರೆ. ತೌಡನ್ನು ತೂಗಿಯೇ ಮಾರಿರುತ್ತಾರೆ. ಹೊಟ್ಟನ್ನು ಮಾತ್ರ ಯಾರೂ ತೂಗುವುದಿಲ್ಲ. ಗಾಳಿಯಲ್ಲಿ ಹಾರಿ ಹಿಂದಿನ ಗುಡ್ಡೆಗೆ ಬೀಳುತ್ತದೆ, ಒಂದಷ್ಟು ಒಲೆಗೆ ಹೋಗುತ್ತದೆ. ಹಾಗಾಗಿ ಬರೆಯುವವರು ಒಂದು ಸುಲಭದ ದಾರಿ ಹಿಡಿಯುತ್ತಾರೆ: ಭತ್ತದಿಂದ ಅಕ್ಕಿ, ನುಚ್ಚು, ತೌಡು ಎಲ್ಲ ಕಳೆದು, ಮಿಕ್ಕಿದ್ದನ್ನು ಹೊಟ್ಟು ಎಂದು ಬರೆದುಬಿಡುತ್ತಾರೆ.

ಲೆಕ್ಕ ಚೆನ್ನಾಗಿ ಕೂಡುತ್ತದೆ. ತೊಂದರೆ ಇರುವುದೇ ಅಲ್ಲಿ. ಹೀಗೆ ಬರೆದ ವರದಿ ಎಂದೂ ತಪ್ಪಾಗುವುದಿಲ್ಲ. ಚೀಟಿಯಲ್ಲಿ ತಪ್ಪಿದ್ದರೂ, ಚೀಲ ಕಾಣೆಯಾದರೂ, ಜರಡಿ ಹರಿದಿದ್ದರೂ ಎಲ್ಲವೂ ಹೊಟ್ಟಿನ ಸಾಲಿನಲ್ಲಿ ಅಡಗಿಕೊಳ್ಳುತ್ತದೆ. ಹಾಗಾಗದಂತೆ ವರದಿ ಕಟ್ಟುವುದು ಹೇಗೆ ಎಂದು ಇಲ್ಲಿ ನೋಡೋಣ. ಒಂದು ಲಾಟ್ ಹಿಡಿದು ಶುರುವಿನಿಂದ ಕೊನೆಯವರೆಗೆ ಲೆಕ್ಕ ಮಾಡೋಣ. ಅದು ಕುಚ್ಚಲಕ್ಕಿಯಲ್ಲ, ಹಸಿ ಭತ್ತವನ್ನು ಒಣಗಿಸಿ ನೇರವಾಗಿ ಮಿಲ್ ಮಾಡಿದ ಲಾಟ್. ಅಂಕಿಗಳು ಉದಾಹರಣೆಗೆ ಕೊಟ್ಟವು. ಆದರೆ ಒಂದು ಸಣ್ಣ ಮಿಲ್ಲಿನಲ್ಲಿ ಕಾಣುವ ಅಳತೆಯಲ್ಲೇ ಇವೆ.

ದಿನ ಮತ್ತು ಲಾಟ್ ಬೇರೆ ಬೇರೆ

ಇವತ್ತು ಬಂದ ಭತ್ತಕ್ಕೆ ಇವತ್ತು ಆದ ಅಕ್ಕಿಯನ್ನು ಭಾಗಿಸಿ "ಇಳುವರಿ ಶೇ 71" ಎಂದು ಬರೆಯುವುದುಂಟು. ಮಾರನೇ ದಿನ ಅದೇ ಲೆಕ್ಕ ಶೇ 48 ತೋರಿಸುತ್ತದೆ. ಎರಡಕ್ಕೂ ಅರ್ಥವಿಲ್ಲ. ಇವತ್ತು ಲಾರಿಯಲ್ಲಿ ಬಂದ ಭತ್ತ ಇನ್ನೂ ಕಣದಲ್ಲಿ ಒಣಗುತ್ತಿದೆ. ಇವತ್ತು ಚೀಲಕ್ಕೆ ಬಿದ್ದ ಅಕ್ಕಿ ಹಿಂದೆ ಯಾವಾಗಲೋ ಬಂದ ಭತ್ತದ್ದು.

ಆದ್ದರಿಂದ ವರದಿಗೆ ಎರಡು ಭಾಗ ಇರಲಿ. ಮೊದಲ ಭಾಗ ದಿನದ್ದು: ಎಷ್ಟು ಬಂತು, ಎಷ್ಟು ಮಿಲ್ಲಿಗೆ ಹಾಕಿದರು, ಎಷ್ಟು ಹೊರಗೆ ಹೋಯಿತು, ಸಂಜೆ ದಾಸ್ತಾನು ಎಷ್ಟು. ಇದರಲ್ಲಿ ಇಳುವರಿಯ ಶೇಕಡ ಬರೆಯಬೇಡಿ. ಎರಡನೇ ಭಾಗ ಲಾಟಿನದ್ದು. ಒಂದು ಲಾಟ್ ಪೂರ್ತಿ ಮಿಲ್ ಆಗಿ, ಯಂತ್ರ ಖಾಲಿಯಾದ ದಿನ ಮಾತ್ರ ಅದನ್ನು ತುಂಬಿಸಿ. ಇಳುವರಿ ಅಲ್ಲಿ ಬರುತ್ತದೆ.

ಲಾಟ್ ಅಂದರೆ ಒಂದೇ ತಳಿ, ಒಟ್ಟಿಗೆ ಒಣಗಿಸಿದ್ದು, ಒಟ್ಟಿಗೆ ಮಿಲ್ ಮಾಡುವಂಥದ್ದು. ಲಾಟಿನ ನಂಬರನ್ನು ಭತ್ತ ಇಳಿಸುವಾಗಲೇ ಚೀಟಿಯ ಮೇಲೆ ಬರೆಯಬೇಕು. ಸಂಜೆ ನೆನಪಿನಿಂದ ಬರೆದರೆ ಎರಡು ಲಾಟ್ ಕಲಸಿಹೋಗುತ್ತವೆ. ಆಮೇಲೆ ಯಾವ ಸೂತ್ರವೂ ಅದನ್ನು ಬಿಡಿಸಲಾರದು.

ಚೀಟಿಯನ್ನು ಹಾಳೆಗೆ ಇಳಿಸುವುದು

ವೇಬ್ರಿಡ್ಜ್ ಸಾಫ್ಟ್‌ವೇರಿನಿಂದ ದಿನದ ಪಟ್ಟಿ ಎಕ್ಸೆಲ್ ಫೈಲಾಗಿ ಸಿಕ್ಕರೆ ಸರಿ. ಇಲ್ಲದಿದ್ದರೆ ಚೀಟಿ ನೋಡಿ ಕೈಯಲ್ಲೇ ತುಂಬಿಸಿ. ಸಣ್ಣ ಮಿಲ್ಲಿಗೆ ದಿನಕ್ಕೆ ಹತ್ತು ಹದಿನೈದು ಚೀಟಿ ಇದ್ದರೆ ಅದೇನೂ ದೊಡ್ಡ ಕೆಲಸವಲ್ಲ. `Slips` ಎಂಬ ಒಂದೇ ಹಾಳೆಯಲ್ಲಿ ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲ ಇರಲಿ. ಕಾಲಂಗಳನ್ನು ಈ ಕ್ರಮದಲ್ಲಿ ಇಡಿ: A ಚೀಟಿ ನಂಬರ್, B ದಿನ, C ಗಾಡಿ ನಂಬರ್, D ಸರಕು, E ಲಾಟ್, F ತುಂಬಿದ ಗಾಡಿಯ ಗ್ರಾಸ್ ತೂಕ, G ಖಾಲಿ ಗಾಡಿಯ ಟೇರ್ ತೂಕ, H ಚೀಲಗಳ ಸಂಖ್ಯೆ, I ಒಂದು ಖಾಲಿ ಚೀಲದ ತೂಕ, J ತೇವಾಂಶ. ಈ ಹತ್ತನ್ನು ತುಂಬಬೇಕು. K ಮತ್ತು L ಸೂತ್ರದಿಂದ ಬರುತ್ತವೆ. M ಚೀಟಿಯ ಸ್ಥಿತಿ.

```
K2:  =F2-G2-H2*I2
L2:  =K2*(100-J2)/(100-13)
```

K ಅಂದರೆ ಚೀಲ ಕಳೆದ ನಿಜವಾದ ತೂಕ. ಖಾಲಿ ಚೀಲವನ್ನು ಅಂದಾಜಿನಲ್ಲಿ ಬರೆಯಬೇಡಿ. ಇಪ್ಪತ್ತು ಖಾಲಿ ಚೀಲಗಳನ್ನು ಒಟ್ಟಿಗೆ ಪ್ಲಾಟ್‌ಫಾರ್ಮ್ ತಕ್ಕಡಿಯಲ್ಲಿಟ್ಟು ಇಪ್ಪತ್ತರಿಂದ ಭಾಗಿಸಿ. ಗೋಣಿ ಚೀಲಕ್ಕೂ ಪ್ಲಾಸ್ಟಿಕ್ ಚೀಲಕ್ಕೂ ನಾಲ್ಕೈದು ಪಟ್ಟು ವ್ಯತ್ಯಾಸ ಇರುತ್ತದೆ. ಒದ್ದೆಯಾದ ಗೋಣಿಯಂತೂ ಇನ್ನೂ ಭಾರ.

L ಅಂದರೆ ಒಣಗಿದ ಮೇಲೆ ಎಷ್ಟು ಉಳಿಯಬೇಕು ಎಂಬ ತೂಕ. ಮಿಲ್ಲಿಗೆ ಹಾಕುವಾಗ ನಿಮ್ಮ ಭತ್ತ ಶೇ 14ಕ್ಕೆ ಒಣಗಿರುತ್ತದೆ ಅಂದರೆ 13ರ ಜಾಗದಲ್ಲಿ 14 ಹಾಕಿ. ಈ ಕಾಲಂ ಇಲ್ಲದೆ ಇಳುವರಿ ಹೇಳಲು ಸಾಧ್ಯವಿಲ್ಲ. ಹಸಿ ತೂಕಕ್ಕೆ ಭಾಗಿಸಿದರೆ ಆವಿಯಾಗಿ ಹೋದ ನೀರೂ ಮಿಲ್ಲಿನ ನಷ್ಟ ಎಂದು ಕಾಣುತ್ತದೆ.

L ಎಷ್ಟು ನಂಬಿಕೆಯದ್ದು ಎನ್ನುವುದು ತೇವಾಂಶ ನೋಡುವ ರೀತಿಯ ಮೇಲೆ ನಿಂತಿದೆ. ಮೇಲಿನ ಒಂದು ಚೀಲದಿಂದ ಒಂದು ಹಿಡಿ ತೆಗೆದು ಮೀಟರಿಗೆ ಹಾಕಿದರೆ ಸಾಲದು. ಲೋಡಿನ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆ ಕಡೆಯಿಂದ ತೆಗೆದು, ಕಲಸಿ, ಎರಡು ಮೂರು ಸಲ ಓದಿ ಸರಾಸರಿ ತೆಗೆಯಿರಿ. ಡ್ರೈಯರಿನಿಂದ ಬಿಸಿಬಿಸಿ ತೆಗೆದ ಭತ್ತಕ್ಕೆ ಮೀಟರ್ ಸರಿಯಾಗಿ ಓದುವುದಿಲ್ಲ, ಆರಲು ಬಿಡಿ. ತೇವಾಂಶ ಒಂದು ಅಂಶ ತಪ್ಪಿದರೆ ಕೊನೆಯಲ್ಲಿ ಇಳುವರಿ ಸುಮಾರು 0.8 ಅಂಶ ಆಚೀಚೆ ಆಗುತ್ತದೆ. ಯಂತ್ರ ರಿಪೇರಿ ಮಾಡಿಸಿ ಗಳಿಸುವ ಲಾಭಕ್ಕಿಂತ ಇದೇ ಜಾಸ್ತಿ ಇರಬಹುದು.

M ಕಾಲಂನಲ್ಲಿ ಮೂರೇ ಪದ: `OK`, `OPEN`, `CANCEL`. ಸಂಜೆ ಲಾರಿ ಬಂದು ಗ್ರಾಸ್ ತೂಗಿ, ಹಮಾಲರು ಇಲ್ಲವೆಂದು ರಾತ್ರಿ ನಿಂತು, ಬೆಳಗ್ಗೆ ಖಾಲಿಯಾಗಿ ಟೇರ್ ತೂಗಿದರೆ ಆ ಚೀಟಿ ಎರಡು ದಿನಕ್ಕೆ ಸೇರುತ್ತದೆ. ಇದಕ್ಕೆ ಒಂದೇ ನಿಯಮ ಇಟ್ಟುಕೊಳ್ಳಿ: ಎರಡನೇ ತೂಕ ಆದ ದಿನವೇ ಚೀಟಿಯ ದಿನ. ಅಲ್ಲಿಯವರೆಗೆ ಅದು `OPEN`. ಸಂಜೆ ವರದಿಯ ಕೆಳಗೆ `OPEN` ಚೀಟಿಗಳ ನಂಬರ್ ಮಾತ್ರ ಬರೆದಿಡಿ, ತೂಕ ಸೇರಿಸಬೇಡಿ. ರದ್ದಾದ ಚೀಟಿಯನ್ನು ಅಳಿಸಬೇಡಿ. ಸಾಲು ಹಾಗೇ ಇರಲಿ, `CANCEL` ಎಂದಿರಲಿ, ಯಾಕೆ ರದ್ದಾಯಿತು ಎಂದು ಪಕ್ಕದಲ್ಲಿ ನಾಲ್ಕು ಪದ ಇರಲಿ.

ದಿನದ ಒಟ್ಟು ಒಳಬಂದ ಭತ್ತಕ್ಕೆ ವರದಿಯ ಹಾಳೆಯಲ್ಲಿ ಈ ಸೂತ್ರ ಸಾಕು. `B1` ಕೋಶದಲ್ಲಿ ವರದಿಯ ದಿನ ಇರಬೇಕು. ಒಳಬಂದ ಭತ್ತದ ಚೀಟಿಗೆ D ಕಾಲಂನಲ್ಲಿ `PADDY-IN` ಎಂದೇ ಬರೆದಿರಬೇಕು.

```
=SUMIFS(Slips!K:K,Slips!B:B,B1,Slips!D:D,"PADDY-IN",Slips!M:M,"OK")
```

ಉತ್ತರ ಸೊನ್ನೆ ಬಂದರೆ ಗಾಬರಿ ಬೇಡ. ಸಾಫ್ಟ್‌ವೇರಿನಿಂದ ಬಂದ ದಿನದ ಜೊತೆ ಗಂಟೆ ನಿಮಿಷವೂ ಸೇರಿಕೊಂಡಿರುತ್ತದೆ. ಕಣ್ಣಿಗೆ ದಿನ ಒಂದೇ ಕಂಡರೂ ಸೂತ್ರಕ್ಕೆ ಅದು ಬೇರೆ. ಆ ಸಮಯ N ಕಾಲಂನಲ್ಲಿದ್ದರೆ B ಕಾಲಂನಲ್ಲಿ `=INT(N2)` ಹಾಕಿ, ಕೋಶವನ್ನು ದಿನಾಂಕದ ರೂಪಕ್ಕೆ ಬದಲಿಸಿ. ಆಗ ಸರಿಯಾಗುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆ ದಿನವೂ ಮಾಡಬೇಕು. ಚೀಟಿ ನಂಬರ್ ಒಂದೂ ಬಿಟ್ಟುಹೋಗಿರಬಾರದು.

```
=MAX(Slips!A:A)-MIN(Slips!A:A)+1-COUNT(Slips!A:A)
```

ಇದು ಸೊನ್ನೆ ತೋರಿಸಬೇಕು. 1 ತೋರಿಸಿದರೆ ಒಂದು ಚೀಟಿ ಕಾಣೆಯಾಗಿದೆ. ಸೊನ್ನೆಗಿಂತ ಕಡಿಮೆ ಬಂದರೆ ಒಂದೇ ಚೀಟಿ ಎರಡು ಸಲ ಕುಳಿತಿದೆ.

ಹೊಟ್ಟನ್ನು ತೂಗುವುದು

ಹೊಟ್ಟು ಹಗುರ, ಜಾಗ ಜಾಸ್ತಿ ತಿನ್ನುತ್ತದೆ. ದಿನವೂ ಎಲ್ಲವನ್ನೂ ವೇಬ್ರಿಡ್ಜಿನ ಸೇತುವೆ ಹತ್ತಿಸಲು ಸಣ್ಣ ಮಿಲ್ಲಿಗೆ ಆಗುವುದಿಲ್ಲ. ಅಗತ್ಯವೂ ಇಲ್ಲ. ಮಿಲ್ಲಿನಲ್ಲಿ ಹೊಟ್ಟು ಸಾಗಿಸುವ ಟ್ರೇಲರನ್ನು ಬಾಯಿ ಮಟ್ಟಕ್ಕೆ ತುಂಬಿ, ಮೇಲೆ ಹಲಗೆಯಿಂದ ಸವರಿ ವೇಬ್ರಿಡ್ಜಿನಲ್ಲಿ ತೂಗಿ. ಹೀಗೆ ನಾಲ್ಕೈದು ಟ್ರೇಲರ್ ತೂಗಿ ಸರಾಸರಿ ತೆಗೆದರೆ "ಒಂದು ಟ್ರೇಲರ್ ಇಷ್ಟು ಕಿಲೋ" ಎಂದು ಗೊತ್ತಾಗುತ್ತದೆ. ಆಮೇಲೆ ಟ್ರೇಲರ್ ಎಣಿಸಿದರೆ ಸಾಕು. ಒಲೆಗೆ ಹೋಗುವ ಹೊಟ್ಟಿಗೂ ಇದೇ ರೀತಿ ಬುಟ್ಟಿಯ ಲೆಕ್ಕ. ಒಂದು ತುಂಬಿದ ಬುಟ್ಟಿಯ ತೂಕ ಗೊತ್ತಿದ್ದರೆ, ಒಲೆ ನೋಡಿಕೊಳ್ಳುವವರು ಗೋಡೆಯ ಮೇಲೆ ಗೀಟು ಹಾಕಿದರೂ ಸಾಕು.

ಲಾಟ್ ಮುಗಿಯುವ ದಿನ ಮಾತ್ರ ಎಚ್ಚರ ಬೇಕು. ಹೊಸ ಲಾಟ್ ಶುರುವಾಗುವ ಮುಂಚೆಯೇ ಹಿಂದಿನ ಲಾಟಿನ ಹೊಟ್ಟನ್ನು ಖಾಲಿ ಮಾಡಿಸಿ. ಇಲ್ಲದಿದ್ದರೆ ಹಳೆಯದೂ ಹೊಸದೂ ಸೇರಿ ಲೆಕ್ಕವೇ ಹಾಳು.

ತೌಡು, ನುಚ್ಚು, ಕಸ ಇವನ್ನು ವೇಬ್ರಿಡ್ಜಿನಲ್ಲಿ ತೂಗಬೇಡಿ. ಸೇತುವೆ 10 ಕಿಲೋ ಹೆಜ್ಜೆಯಲ್ಲಿ ಓದುವಂಥದ್ದಾದರೆ 200 ಕಿಲೋಗಿಂತ ಕಡಿಮೆ ತೂಕಕ್ಕೆ ಅದನ್ನು ನಂಬಬಾರದು. ಇಂಥ ತೂಕದ ಯಂತ್ರಗಳಿಗೆ ಕನಿಷ್ಠ ತೂಕ ಸಾಮಾನ್ಯವಾಗಿ ಅದರ ಹೆಜ್ಜೆಯ ಇಪ್ಪತ್ತು ಪಟ್ಟು ಇರುತ್ತದೆ. ಚೀಲದ ತೂಕಕ್ಕೆ ಪ್ಲಾಟ್‌ಫಾರ್ಮ್ ತಕ್ಕಡಿಯೇ ಸರಿ.

ಹಾಗಿದ್ದರೂ ತೌಡಿಗೆ ವೇಬ್ರಿಡ್ಜ್ ಒಂದು ಉಪಕಾರ ಮಾಡುತ್ತದೆ. ಪುಸ್ತಕದಲ್ಲಿ ಒಂದು ಚೀಲಕ್ಕೆ 45 ಕಿಲೋ ಎಂದು ಬರೆದು 40 ಚೀಲ ಲೋಡ್ ಮಾಡಿದರೆ 1,800 ಕಿಲೋ ಆಗಬೇಕು. ಲಾರಿ ಹೊರಡುವಾಗ ಸೇತುವೆ 1,740 ತೋರಿಸಿದರೆ ಚೀಲದ ಸರಾಸರಿ 43.5 ಎಂದಾಯಿತು. ಮಾರನೇ ದಿನದಿಂದ ಪುಸ್ತಕದಲ್ಲಿ ಹೊಸ ಸರಾಸರಿ ಬರೆಯಿರಿ. ತೌಡಿನ ಎಣ್ಣೆ ಬೇಗ ಕೆಡುವುದರಿಂದ ತೌಡು ಮಿಲ್ಲಿನಲ್ಲಿ ಹೆಚ್ಚು ದಿನ ಕೂರುವುದಿಲ್ಲ. ಹಾಗಾಗಿ ಈ ಹೋಲಿಕೆಗೆ ಅವಕಾಶ ಬೇಗ ಬೇಗ ಸಿಗುತ್ತದೆ.

ಒಂದು ಲಾಟಿನ ಲೆಕ್ಕ

ಲಾಟ್ 7ಕ್ಕೆ ಎರಡು ಚೀಟಿ. ಮೊದಲನೆಯದು ಲಾರಿ: ಗ್ರಾಸ್ 9,860, ಟೇರ್ 3,720, ಅಂತರ 6,140 ಕಿಲೋ. ಅದರಲ್ಲಿ 82 ಗೋಣಿ ಚೀಲ, ಒಂದೊಂದು 0.6 ಕಿಲೋ. ಅಂದರೆ 49 ಕಿಲೋ ಚೀಲದ್ದು. ಭತ್ತ 6,091 ಕಿಲೋ, ತೇವಾಂಶ ಶೇ 16. ಒಣ ಲೆಕ್ಕದಲ್ಲಿ 5,881 ಕಿಲೋ.

ಎರಡನೆಯದು ಟ್ರ್ಯಾಕ್ಟರ್: ಚೀಲವಿಲ್ಲದ ಸುರಿದ ಭತ್ತ. ಗ್ರಾಸ್ 7,480, ಟೇರ್ 3,350, ಭತ್ತ 4,130 ಕಿಲೋ. ತೇವಾಂಶ ಶೇ 18. ಒಣ ಲೆಕ್ಕದಲ್ಲಿ 3,893 ಕಿಲೋ.

ಎರಡೂ ಸೇರಿ ಹಸಿ ತೂಕ 10,221. ಒಣ ತೂಕ 9,774. ಬಂದ ದಿನದ ವರದಿಗೆ ಈ ಎರಡೂ ಹೋಗುತ್ತವೆ. 447 ಕಿಲೋ ನೀರು ಎಂದು ಆಗಲೇ ಗೊತ್ತು.

ಒಣಗಿಸಿ ಶೇ 13ಕ್ಕೆ ತಂದು ಮಿಲ್ ಮಾಡಿದರು. ಲಾಟ್ ಮುಗಿದ ದಿನ ಕೈಗೆ ಸಿಕ್ಕ ಲೆಕ್ಕ ಹೀಗಿತ್ತು. ಅಕ್ಕಿ 25 ಕಿಲೋದ 220 ಚೀಲ, ಅಂದರೆ 5,500. ನುಚ್ಚು 50 ಕಿಲೋದ 18 ಚೀಲ, 900. ತೌಡು 745. ಹೊಟ್ಟು ಟ್ರೇಲರ್ ಲೆಕ್ಕದಲ್ಲಿ 1,910. ಮೊದಲ ಜರಡಿಯಲ್ಲಿ ಬಿದ್ದ ಜೊಳ್ಳು, ಹುಲ್ಲು, ಕಲ್ಲು, ಮಣ್ಣು 135. ಒಟ್ಟು 9,190 ಕಿಲೋ.

9,774ರಲ್ಲಿ 9,190 ಹೋದರೆ 584 ಕಿಲೋ ಲೆಕ್ಕಕ್ಕೆ ಸಿಗಲಿಲ್ಲ. ಹತ್ತಿರ ಹತ್ತಿರ ಶೇ 6.

ಸ್ವಲ್ಪ ಕಡಿಮೆ ಬೀಳುವುದು ಸಹಜವೇ. ಪಾಲಿಶರಿನಲ್ಲಿ ಅಕ್ಕಿ ಬಿಸಿಯಾಗಿ ತೇವ ಆರುತ್ತದೆ. ದೂಳು ಗಾಳಿಗೆ ಹೋಗುತ್ತದೆ. ಕಣದಲ್ಲಿ ಹಕ್ಕಿ ತಿನ್ನುತ್ತವೆ, ನೆಲಕ್ಕೆ ಚೆಲ್ಲುತ್ತದೆ. ಇವೆಲ್ಲ ಸೇರಿ ಒಂದೆರಡು ಅಂಶ. ಆರು ಅಂಶ ಮಾತ್ರ ಸಹಜವಲ್ಲ.

ಇಲ್ಲಿ ಹೊಟ್ಟನ್ನು ಕಳೆದು ತೆಗೆದಿದ್ದರೆ ಏನಾಗುತ್ತಿತ್ತು ನೋಡಿ. ಹೊಟ್ಟು 2,494 ಕಿಲೋ, ಶೇ 25.5 ಎಂದು ಬರೆಯುತ್ತಿದ್ದರು. ಲೆಕ್ಕ ನೂರಕ್ಕೆ ನೂರು ಕೂಡುತ್ತಿತ್ತು. ಸಹಿ ಬೀಳುತ್ತಿತ್ತು. ಅಕ್ಕಿ ಮತ್ತು ನುಚ್ಚು ಸೇರಿ ಇಳುವರಿ ಶೇ 65.5 ಎಂದು ನೋಡಿ ಯಾರಾದರೂ ಶೆಲ್ಲರಿನ ರಬ್ಬರ್ ರೋಲ್ ಬದಲಿಸಲು ಹೊರಡುತ್ತಿದ್ದರು. ಇಲ್ಲವೇ "ಈ ಭತ್ತದಲ್ಲಿ ಜೊಳ್ಳು ಜಾಸ್ತಿ" ಎಂದು ತಂದವರ ಮೇಲೆ ಹಾಕುತ್ತಿದ್ದರು.

ಆ 584 ಕಿಲೋ ಎಲ್ಲಿ?

ಮೊದಲು ಗೋದಾಮಿಗೆ ಓಡಬೇಡಿ. ಶೇಕಡಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿ. ಭತ್ತದಲ್ಲಿ ಹೊಟ್ಟು ಸುಮಾರು ಶೇ 20ರಿಂದ 22 ಇರುತ್ತದೆ. ತೌಡು 7ರಿಂದ 9. ತಳಿಯಿಂದ ತಳಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ಒಂದು ತಳಿಯ ಅಂಕಿ ಲಾಟಿನಿಂದ ಲಾಟಿಗೆ ಅಷ್ಟಾಗಿ ಕುಣಿಯುವುದಿಲ್ಲ. ನಿಮ್ಮ ಮಿಲ್ಲಿನ ಹಿಂದಿನ ಲಾಟುಗಳ ಅಂಕಿಯೇ ಇದಕ್ಕೆ ಒಳ್ಳೆಯ ಅಳತೆಗೋಲು.

ಲಾಟ್ 7ರಲ್ಲಿ ಒಟ್ಟು ಅಕ್ಕಿ 65.5, ತೌಡು 7.6, ಹೊಟ್ಟು 19.5. ಈ ಮಿಲ್ಲಿನ ಮಾಮೂಲಿ ಅಂಕಿ 68, 8, 20.5 ಎಂದಿಟ್ಟುಕೊಳ್ಳಿ. ಮೂರೂ ಇಳಿದಿವೆ, ಮೂರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿವೆ. ಇದೇ ಸುಳಿವು. ಅಕ್ಕಿ ಚೀಲ ಕಳುವಾಗಿದ್ದರೆ ಅಕ್ಕಿ ಮಾತ್ರ ಇಳಿಯಬೇಕಿತ್ತು. ಒಂದು ಟ್ರೇಲರ್ ಹೊಟ್ಟು ಎಣಿಸಲು ಮರೆತಿದ್ದರೆ ಹೊಟ್ಟು ಮಾತ್ರ. ಮೂರೂ ಒಟ್ಟಿಗೆ ಇಳಿದಿದ್ದರೆ ಹೊರಬಂದ ಸರಕಿನ ಅಂಕಿಗಳು ಸರಿಯಾಗಿವೆ, ಭಾಗಿಸಿದ ಅಂಕಿ ದೊಡ್ಡದಾಗಿದೆ. ಅಂದರೆ ಒಳಗೆ ಬಂದ ಭತ್ತವನ್ನೇ ಜಾಸ್ತಿ ಬರೆದಿದ್ದಾರೆ.

ಇದನ್ನು ಖಚಿತ ಮಾಡಲು ವೇಬ್ರಿಡ್ಜಿಗೆ ಸಂಬಂಧವಿಲ್ಲದ ಇನ್ನೊಂದು ಲೆಕ್ಕ ಬೇಕು. ಒಣಗಿದ ಭತ್ತವನ್ನು ಮಿಲ್ಲಿಗೆ ಸುರಿಯುವಾಗ ಚೀಲ ಎಣಿಸಿರುತ್ತಾರಲ್ವಾ? ಲಾಟ್ 7ಕ್ಕೆ 151 ಚೀಲ. ಹತ್ತು ಚೀಲ ತೂಗಿ ತೆಗೆದ ಸರಾಸರಿ 62 ಕಿಲೋ. ಒಟ್ಟು 9,362. ಚೀಟಿ ಹೇಳುವುದು 9,774. ಹಾಗಾದರೆ ಸುಮಾರು 400 ಕಿಲೋ ಮಿಲ್ಲಿಗೆ ಬಂದೇ ಇಲ್ಲ.

ಈಗ ಎರಡು ಚೀಟಿಗಳನ್ನು ಮತ್ತೆ ತೆಗೆಯಬೇಕು. ಲಾರಿಯ ಚೀಟಿಯಲ್ಲಿ ಗ್ರಾಸ್ ಮತ್ತು ಟೇರ್ ನಡುವೆ ಒಂದೂವರೆ ಗಂಟೆ ಅಂತರ. ಇಳಿಸಲು ಅಷ್ಟು ಹೊತ್ತು ಬೇಕು, ಸರಿ. ಟ್ರ್ಯಾಕ್ಟರಿನ ಚೀಟಿಯಲ್ಲಿ ಗ್ರಾಸ್ ಮತ್ತು ಟೇರ್ ಎರಡಕ್ಕೂ ಒಂದೇ ಸಮಯ. ಖಾಲಿ ಗಾಡಿಯನ್ನು ತೂಗಿಯೇ ಇಲ್ಲ. ಸಾಫ್ಟ್‌ವೇರಿನಲ್ಲಿ ಆ ನಂಬರಿಗೆ ಹಿಂದೆ ಉಳಿಸಿದ್ದ ಟೇರ್ ತಾನಾಗಿ ಬಂದು ಕುಳಿತಿದೆ. ನಂಬರ್ ಎಂಜಿನ್ನಿನದು. ಹಿಂದಿನ ಟ್ರೇಲರ್ ಬೇರೆ, ಈ ಸಲ ಕಟ್ಟಿದ್ದು ಬೇರೆ, ಭಾರದ್ದು. ಅದೇ ಟ್ರ್ಯಾಕ್ಟರ್ ಮತ್ತೆ ಅದೇ ಟ್ರೇಲರ್ ಕಟ್ಟಿಕೊಂಡು ಬಂದಾಗ ಖಾಲಿ ತೂಗಿ ನೋಡಿದರೆ 3,760. ಚೀಟಿಯಲ್ಲಿದ್ದದ್ದು 3,350. ವ್ಯತ್ಯಾಸ 410 ಕಿಲೋ.

ಟೇರ್ ತಿದ್ದಿದರೆ ಆ ಗಾಡಿಯ ಭತ್ತ 3,720 ಕಿಲೋ. ಒಣ ಲೆಕ್ಕದಲ್ಲಿ 3,506. ಲಾಟಿನ ಒಟ್ಟು 9,387. ಚೀಲದ ಲೆಕ್ಕಕ್ಕೆ 25 ಕಿಲೋ ಅಂತರದಲ್ಲಿ ಹೊಂದುತ್ತದೆ. ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ:

| | ಕಿಲೋ | ತಪ್ಪು ಟೇರಿನಲ್ಲಿ (9,774) | ಸರಿ ಟೇರಿನಲ್ಲಿ (9,387) |
|---|---|---|---|
| ಅಕ್ಕಿ | 5,500 | ಶೇ 56.3 | ಶೇ 58.6 |
| ನುಚ್ಚು | 900 | ಶೇ 9.2 | ಶೇ 9.6 |
| ತೌಡು | 745 | ಶೇ 7.6 | ಶೇ 7.9 |
| ಹೊಟ್ಟು | 1,910 | ಶೇ 19.5 | ಶೇ 20.3 |
| ಜೊಳ್ಳು, ಕಸ | 135 | ಶೇ 1.4 | ಶೇ 1.4 |
| ಲೆಕ್ಕಕ್ಕೆ ಸಿಗದ್ದು | | 584 ಕಿಲೋ, ಶೇ 6.0 | 197 ಕಿಲೋ, ಶೇ 2.1 |

ಇಳುವರಿ 65.5 ಅಲ್ಲ, 68.2. ಯಂತ್ರ ಸರಿಯಾಗೇ ಇದೆ. ಬರದ ಭತ್ತಕ್ಕೆ ದುಡ್ಡು ಕೊಟ್ಟದ್ದೇ ಇಲ್ಲಿನ ನಷ್ಟ.

ಉಳಿಸಿದ ಟೇರ್ ಬಳಸುವ ಸೌಲಭ್ಯವನ್ನು ಭತ್ತದ ಗಾಡಿಗಳಿಗೆ ನಿಲ್ಲಿಸಿಬಿಡುವುದೇ ಒಳ್ಳೆಯದು. ಗದ್ದಲ ಇರುವ ಕಾಲದಲ್ಲಿ ಸಾಲು ಉದ್ದವಾಗುತ್ತದೆ ಎಂದು ವೇಬ್ರಿಡ್ಜಿನವರು ಗೊಣಗುತ್ತಾರೆ. ಗೊಣಗಲಿ. ಟೇರಿನಲ್ಲಿ ಇನ್ನೂ ಕೆಲವು ಸಣ್ಣ ತಪ್ಪುಗಳು ನುಸುಳುತ್ತವೆ. ಗ್ರಾಸ್ ತೂಗುವಾಗ ಗಾಡಿ ಮೇಲೆ ಮೂರು ಜನ ಕೂತಿದ್ದು, ಟೇರಿಗೆ ಬರುವಾಗ ಇಳಿದು ಟೀ ಕುಡಿಯಲು ಹೋಗಿರುತ್ತಾರೆ. ಟಾರ್ಪಾಲು, ಹಗ್ಗ ಇಳಿಸಿ ಬಿಟ್ಟಿರುತ್ತಾರೆ. ಗಾಡಿಯ ಒಂದು ಚಕ್ರ ಸೇತುವೆಯಿಂದ ಹೊರಗೆ ನಿಂತಿರುತ್ತದೆ. ಸೇತುವೆ ಖಾಲಿ ಇದ್ದಾಗ ಸೊನ್ನೆ ತೋರಿಸುತ್ತದೆಯೇ ಎಂದು ಬೆಳಗ್ಗೆ ಮೊದಲ ಗಾಡಿಗೆ ಮುಂಚೆ ನೋಡಿ. ಅಂಚಿನಲ್ಲಿ ಕಲ್ಲು ಮಣ್ಣು ಸಿಕ್ಕಿಕೊಂಡಿದ್ದರೆ ತೋರಿಸುವುದಿಲ್ಲ.

ಬೇರೆ ಲಕ್ಷಣಗಳು

ಒಂದೆರಡು ಸಾಲು ಮಾತ್ರ ಏರುಪೇರಾಗಿ, ಲೆಕ್ಕಕ್ಕೆ ಸಿಗದ್ದು ಹೆಚ್ಚದಿದ್ದರೆ ಕಾರಣ ಹೆಚ್ಚಾಗಿ ಯಂತ್ರದ ಒಳಗೆ. ಒಟ್ಟು ಅಕ್ಕಿ ಎರಡು ಅಂಶ ಇಳಿದು ತೌಡು ಎರಡು ಅಂಶ ಏರಿದ್ದರೆ, ಲೆಕ್ಕಕ್ಕೆ ಸಿಗದ್ದು ಮಾಮೂಲಿಯಾಗೇ ಇದ್ದರೆ, ಅಕ್ಕಿ ತೌಡಿಗೆ ಹೋಗುತ್ತಿದೆ. ಒಂದು ಹಿಡಿ ತೌಡನ್ನು ಸಣ್ಣ ಜರಡಿಯಲ್ಲಿ ಆಡಿಸಿ. ಜರಡಿಯ ಮೇಲೆ ನುಚ್ಚು, ಇಡೀ ಕಾಳು ಉಳಿದರೆ ಪಾಲಿಶರಿನ ಜಾಲರಿ ಹರಿದಿದೆ. ಏನೂ ಉಳಿಯದೆ ತೌಡು ಬಿಳಿಯಾಗಿ ಹಿಟ್ಟಿನಂತಿದ್ದರೆ ಪಾಲಿಶ್ ಅತಿಯಾಗಿದೆ.

ಹೊಟ್ಟು ಮಾತ್ರ ಏರಿದ್ದರೆ ಒಂದು ಬಕೆಟ್ ನೀರಿಗೆ ಎರಡು ಹಿಡಿ ಹೊಟ್ಟು ಹಾಕಿ ಕಲಕಿ. ಹೊಟ್ಟು ತೇಲುತ್ತದೆ, ಕಾಳು ತಳಕ್ಕೆ ಕೂರುತ್ತದೆ. ತಳದಲ್ಲಿ ನುಚ್ಚು, ಕಾಳು ಕಂಡರೆ ಹೊಟ್ಟು ಎಳೆಯುವ ಗಾಳಿ ಜೋರಾಗಿದೆ, ಗಾಳಿಯ ಬಾಗಿಲು ಕಡಿಮೆ ಮಾಡಿ.

ಒಟ್ಟು ಅಕ್ಕಿ ಸರಿಯಿದ್ದು, ಇಡೀ ಅಕ್ಕಿ ಇಳಿದು ನುಚ್ಚು ಏರಿದ್ದರೆ ಅದು ತೂಕದ ಸಮಸ್ಯೆಯೇ ಅಲ್ಲ. ಕಾಳು ಸೀಳಿದೆ. ಬಿರುಬಿಸಿಲಲ್ಲಿ ತೆಳ್ಳಗೆ ಹರಡಿ ಬೇಗ ಒಣಗಿಸಿದ ಭತ್ತ, ಒಣಗಿದ ಮೇಲೆ ಮತ್ತೆ ನೆನೆದ ಭತ್ತ ಹೀಗೆ ಆಗುತ್ತದೆ. ಮಿಲ್ಲಿಗೆ ಹಾಕುವ ಮುಂಚೆ ಒಂದಿಷ್ಟು ಕಾಳು ಕೈಯಲ್ಲಿ ಸುಲಿದು ಬೆಳಕಿಗೆ ಹಿಡಿದು ನೋಡಿ. ಅಡ್ಡ ಬಿರುಕು ಕಂಡರೆ ಶೆಲ್ಲರಿಗೆ ಹೋಗುವ ಮೊದಲೇ ನುಚ್ಚು ತಯಾರಾಗಿದೆ.

ಹೊರಬಂದದ್ದು ಒಳಹೋದದ್ದಕ್ಕಿಂತ ಜಾಸ್ತಿ ಇದ್ದರೆ ಖುಷಿಪಡಬೇಡಿ. ಹಿಂದಿನ ಲಾಟ್ ಎಲಿವೇಟರಿನಲ್ಲಿ, ಸೆಪರೇಟರಿನಲ್ಲಿ, ತೊಟ್ಟಿಯಲ್ಲಿ ಉಳಿದು ಈ ಲಾಟಿಗೆ ಸೇರಿದೆ. ಇಲ್ಲವೇ ಒಂದು `OPEN` ಚೀಟಿಯ ಭತ್ತ ಆಗಲೇ ಮಿಲ್ಲಿಗೆ ಬಿದ್ದಿದೆ. ಸಣ್ಣ ಮಿಲ್ಲಿನ ಯಂತ್ರಗಳ ಹೊಟ್ಟೆಯಲ್ಲೂ ಕೆಲವು ಕ್ವಿಂಟಾಲ್ ನಿಲ್ಲುತ್ತದೆ. ಆದ್ದರಿಂದ ಲಾಟ್ ಮುಗಿಸುವಾಗ ಯಂತ್ರ ಪೂರ್ತಿ ಖಾಲಿ ಓಡಬೇಕು.

ಕುಚ್ಚಲಕ್ಕಿ ಮಾಡುವಲ್ಲಿ ಇದೇ ಕ್ರಮ ನಡೆಯುತ್ತದೆ. ನೆನೆಸಿ ಬೇಯಿಸಿದಾಗ ತೂಕ ಏರಿ, ಒಣಗಿಸಿದಾಗ ಇಳಿಯುತ್ತದೆ. ನಡುವಿನ ತೂಕ ಬಿಟ್ಟುಬಿಡಿ. ಒಳಗೆ ಬಂದಾಗಿನ ತೂಕ ಮತ್ತು ತೇವಾಂಶ, ಒಣಗಿದ ಮೇಲಿನ ತೇವಾಂಶ ಇಷ್ಟೇ ಸಾಕು. ನುಚ್ಚು ಕಡಿಮೆ ಬರುವುದರಿಂದ ಹಸಿ ಅಕ್ಕಿಯ ಅಂಕಿಯ ಜೊತೆ ಹೋಲಿಸಬೇಡಿ. ಅಲ್ಲಿ ಹೊಟ್ಟು ಬಾಯ್ಲರಿಗೆ ಹೋಗುವುದು ಜಾಸ್ತಿ, ಬುಟ್ಟಿಯ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಸಂಜೆಯ ಹಾಳೆ

ದಿನದ ವರದಿಯಲ್ಲಿ ಭತ್ತಕ್ಕೆ ನಾಲ್ಕು ಅಂಕಿ: ಬೆಳಗಿನ ದಾಸ್ತಾನು, ಬಂದದ್ದು, ಮಿಲ್ಲಿಗೆ ಹಾಕಿದ್ದು, ಸಂಜೆ ಉಳಿದದ್ದು. ಎಲ್ಲವೂ ಒಣ ತೂಕದಲ್ಲಿ. ಬಂದದ್ದರ ಹಸಿ ತೂಕ ಮಾತ್ರ ಪಕ್ಕದಲ್ಲಿರಲಿ, ದುಡ್ಡು ಕೊಡುವುದು ಅದರ ಮೇಲೆ. ಅಕ್ಕಿ, ನುಚ್ಚು, ತೌಡು, ಹೊಟ್ಟಿಗೂ ಇದೇ ರೀತಿ: ಇತ್ತು, ಆಯಿತು, ಹೋಯಿತು, ಉಳಿಯಿತು. "ಆಯಿತು" ಚೀಲದ ಎಣಿಕೆಯಿಂದ ಬರಲಿ, "ಹೋಯಿತು" ವೇಬ್ರಿಡ್ಜ್ ಚೀಟಿಯಿಂದ ಬರಲಿ. ಎರಡು ಬೇರೆ ಮೂಲಗಳಿಂದ ಬಂದರೆ ಒಂದು ಇನ್ನೊಂದನ್ನು ಹಿಡಿಯುತ್ತದೆ. ವಾರಕ್ಕೊಮ್ಮೆ ಗೋದಾಮಿನ ಚೀಲ ಎಣಿಸಿ "ಉಳಿಯಿತು" ಸಾಲಿನ ಜೊತೆ ಹೊಂದಿಸಿ. ಹೊಂದದಿದ್ದರೆ ಹಳೆಯ ಸಾಲು ತಿದ್ದಬೇಡಿ, ಅದೇ ದಿನದ ಹೊಸ ಸಾಲಾಗಿ ವ್ಯತ್ಯಾಸ ಬರೆಯಿರಿ.

ಲಾಟ್ ತೀರಾ ಸಣ್ಣದಿದ್ದರೆ ವೇಬ್ರಿಡ್ಜಿನಿಂದ ಇಳುವರಿ ತೆಗೆಯಲು ಹೋಗಬೇಡಿ. 10 ಕಿಲೋ ಹೆಜ್ಜೆಯ ಸೇತುವೆಯಲ್ಲಿ ಗ್ರಾಸಿಗೆ ಐದು, ಟೇರಿಗೆ ಐದು, ಒಟ್ಟು ಹತ್ತು ಕಿಲೋ ಅತ್ತಿತ್ತ ಆಗಬಹುದು. 4,000 ಕಿಲೋ ಭತ್ತದ ಮೇಲೆ ಅದು ಶೇ 0.25, ಗಮನಕ್ಕೂ ಬರುವುದಿಲ್ಲ. 500 ಕಿಲೋ ಮೇಲೆ ಶೇ 2 ಆಗುತ್ತದೆ, ಅಂದರೆ ಇಳುವರಿಯಲ್ಲಿ 1.4 ಅಂಶ. ಅಂಥ ಲಾಟಿಗೆ ಚೀಲ ಚೀಲವನ್ನೂ ಪ್ಲಾಟ್‌ಫಾರ್ಮ್ ತಕ್ಕಡಿಯಲ್ಲೇ ತೂಗಿ, ವೇಬ್ರಿಡ್ಜ್ ಚೀಟಿಯನ್ನು ಗೇಟಿನ ದಾಖಲೆಗೆ ಮಾತ್ರ ಇಟ್ಟುಕೊಳ್ಳಿ.